ಮೂರು ಗಂಟೆಯ ಮಾತು, ಮೂರು ಪುಟದ ನಡಾವಳಿ: ಮೊದಲು ವಿಷಯವಾರು ಬಿಡಿಸಿಕೊಳ್ಳಿ

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಶುರುವಾದ ಮಹಾಸಭೆ ಮಧ್ಯಾಹ್ನ ಒಂದೂವರೆ ದಾಟಿ ಮುಗಿಯುತ್ತದೆ. ಎಲ್ಲರೂ ಊಟಕ್ಕೆ ಏಳುತ್ತಾರೆ. ಹೋಗುವಾಗ ಯಾರೋ ಕಾರ್ಯದರ್ಶಿಗೆ ಹೇಳುತ್ತಾರೆ, "ರೆಕಾರ್ಡಿಂಗ್ ಇದೆಯಲ್ಲ, ನಡಾವಳಿ ಬರೆದುಬಿಡಿ."

ಈಗ ಈ ಮಾತು ಎಲ್ಲ ಕಡೆ ಕೇಳಿಸುತ್ತದೆ. ಅಪಾರ್ಟ್‌ಮೆಂಟ್ ಸಂಘ, ಹಾಲು ಉತ್ಪಾದಕರ ಸಂಘ, ಪತ್ತಿನ ಸಹಕಾರ ಸಂಘ, ಶಾಲೆಯ ಪೋಷಕರ ಸಮಿತಿ ಎಲ್ಲಕ್ಕೂ ಫೋನ್ ಇದೆ. ಫೋನಿನಲ್ಲಿ ಸಭೆಯನ್ನು ರೆಕಾರ್ಡ್ ಮಾಡುತ್ತಾರೆ. ಮಾತನ್ನು ಬರಹ ಮಾಡಿಕೊಡುವ ಸಾಫ್ಟ್‌ವೇರ್ ಕೂಡ ಸುಲಭವಾಗಿ ಸಿಗುತ್ತದೆ. ಹಾಗಾಗಿ ಕಾರ್ಯದರ್ಶಿಯ ಕೈಗೆ ಸಂಜೆಯ ಹೊತ್ತಿಗೆ ಒಂದು ಉದ್ದನೆಯ ಬರಹ ಬರುತ್ತದೆ. ಅದರಿಂದ ಮೂರು ಪುಟದ, ತಪ್ಪಿಲ್ಲದ ನಡಾವಳಿ ತೆಗೆಯುವುದು ಹೇಗೆ? ಮೇಲಿನಿಂದ ಓದುತ್ತಾ ಸುಮ್ನೆ ಚಿಕ್ಕದು ಮಾಡುತ್ತಾ ಹೋದರೆ ಆಗುವುದಿಲ್ಲ. ಚಿಕ್ಕದು ಮಾಡುವ ಮೊದಲು ಇನ್ನೊಂದು ಕೆಲಸ ಇದೆ. ಇಡೀ ಬರಹವನ್ನು ಕಾರ್ಯಸೂಚಿಯ ವಿಷಯಗಳಂತೆ ಬೇರೆ ಬೇರೆ ಮಾಡಿಕೊಳ್ಳಬೇಕು.

## ಮೂರು ಪದ ಮೊದಲು

ಕಾರ್ಯಸೂಚಿ ಎಂದರೆ ಸಭೆಯಲ್ಲಿ ಯಾವ ಯಾವ ವಿಷಯ ಮಾತಾಡಬೇಕು ಎಂದು ಮೊದಲೇ ನೋಟಿಸಿನಲ್ಲಿ ಕಳಿಸಿದ ಪಟ್ಟಿ. ಕೆಲವರು ವಿಷಯಸೂಚಿ ಎನ್ನುತ್ತಾರೆ, ಅಜೆಂಡಾ ಎನ್ನುವವರೂ ಬಹಳ.

ಬರಹರೂಪ ಎಂದರೆ ಸಭೆಯಲ್ಲಿ ಆಡಿದ ಮಾತೆಲ್ಲ ಆಡಿದ ಹಾಗೆಯೇ ಅಕ್ಷರಕ್ಕೆ ಇಳಿದದ್ದು. ಪ್ರತಿ ಮಾತಿನ ಪಕ್ಕ ಅದು ಸಭೆ ಶುರುವಾಗಿ ಎಷ್ಟು ಹೊತ್ತಿಗೆ ಬಂತು ಎಂಬ ಸಮಯವೂ ಇರುತ್ತದೆ. ಈ ಸಮಯವೇ ಮುಂದೆ ನಮ್ಮ ದೊಡ್ಡ ಆಧಾರ.

ನಡಾವಳಿ ಎಂದರೆ ಸಭೆ ಏನು ನಡೆಸಿತು, ಏನು ತೀರ್ಮಾನಿಸಿತು ಎಂಬ ದಾಖಲೆ. ಯಾರು ಎಷ್ಟು ಜೋರಾಗಿ ಮಾತಾಡಿದರು ಎಂಬುದು ಅಲ್ಲಿ ಬೇಕಿಲ್ಲ. ಕಂಪನಿಗಳಿಗೆ ಇದರ ಬಗ್ಗೆ ಕಾನೂನೇ ಇದೆ. 2013ರ ಕಂಪನಿ ಕಾಯ್ದೆಯ 118ನೇ ಕಲಮಿನ ಪ್ರಕಾರ ನಡಾವಳಿಯಲ್ಲಿ ಸಭೆಯ ನ್ಯಾಯವಾದ, ಸರಿಯಾದ ಸಾರಾಂಶ ಇರಬೇಕು, ಮತ್ತು ಸಭೆ ಮುಗಿದ 30 ದಿನದೊಳಗೆ ಅದು ಪುಸ್ತಕಕ್ಕೆ ಏರಬೇಕು. ಅಪಾರ್ಟ್‌ಮೆಂಟ್ ಸಂಘಕ್ಕೋ ಸಹಕಾರ ಸಂಘಕ್ಕೋ ಅದರದೇ ಕಾಯ್ದೆ ಮತ್ತು ಬೈಲಾ ಇರುತ್ತವೆ. ಆದರೆ ಬಯಸುವುದು ಎಲ್ಲ ಕಡೆ ಅದನ್ನೇ. ಸಾರಾಂಶ ಆಗಿರಬೇಕು, ಸರಿಯೂ ಆಗಿರಬೇಕು.

ಕಷ್ಟ ಇರುವುದು ಆ ಎರಡು ಒಟ್ಟಿಗೆ ಬೇಕು ಎನ್ನುವಲ್ಲಿ.

## ಇಡಿಯಾಗಿ ಕುಗ್ಗಿಸಿದರೆ ಏನಾಗುತ್ತದೆ

ಲೆಕ್ಕ ನೋಡಿ. ನಿಮಿಷಕ್ಕೆ ನೂರು ಪದ ಎಂದು ಹಿಡಿದರೂ ಮೂರು ಗಂಟೆಗೆ 18 ಸಾವಿರ ಪದ ಆಯಿತು. ಅಚ್ಚು ಮಾಡಿದರೆ ಸುಮಾರು 60 ಪುಟ. ನಡಾವಳಿ 900 ಪದ ಇರಲಿ ಎಂದರೆ ಇಪ್ಪತ್ತು ಪದಕ್ಕೆ ಒಂದು ಪದ ಉಳಿಯುತ್ತದೆ. ಉಳಿದ ಹತ್ತೊಂಬತ್ತು ಹೋಗಬೇಕು. ಯಾವುದು ಹೋಗುತ್ತದೆ ಎಂಬುದೇ ಪ್ರಶ್ನೆ.

ಇಡೀ ಬರಹವನ್ನು ಒಂದೇ ಸಲಕ್ಕೆ ಕುಗ್ಗಿಸಲು ಕೂತರೆ ಜಾಸ್ತಿ ಹೊತ್ತು ಆಡಿದ ಮಾತಿಗೆ ಜಾಸ್ತಿ ಜಾಗ ಹೋಗುತ್ತದೆ. ನಾಯಿಗೆ ಎಲ್ಲಿ ಊಟ ಹಾಕಬೇಕು ಎಂದು ಇಪ್ಪತ್ತು ನಿಮಿಷ ಜಗಳ ಆಗಿರುತ್ತದೆ, ತೀರ್ಮಾನ ಏನೂ ಆಗಿರುವುದಿಲ್ಲ. ಆಡಿಟರ್ ನೇಮಕ ಐದು ನಿಮಿಷದಲ್ಲಿ ಮುಗಿದಿರುತ್ತದೆ, ಆದರೆ ಅದು ಠರಾವು. ಕುಗ್ಗಿಸಿದ ಬರಹದಲ್ಲಿ ನಾಯಿಗೆ ಒಂದು ಪ್ಯಾರಾ ಸಿಗುತ್ತದೆ. ಆಡಿಟರ್ ನೇಮಕ ಅರ್ಧ ಸಾಲಿಗೆ ಇಳಿಯುತ್ತದೆ, ಕೆಲವು ಸಲ ಅದೂ ಇರುವುದಿಲ್ಲ.

ಇನ್ನೊಂದು ತೊಂದರೆ ಮಧ್ಯಭಾಗದ್ದು. ಅರವತ್ತು ಪುಟ ಓದಿದ ಮನುಷ್ಯನಿಗೆ ಶುರುವಾದದ್ದು ನೆನಪಿರುತ್ತದೆ, ಮುಗಿದದ್ದು ನೆನಪಿರುತ್ತದೆ, ನಡುವಿನದು ಮಸುಕಾಗುತ್ತದೆ. ಸಾರಾಂಶ ಮಾಡುವ ಭಾಷಾ ಸಾಫ್ಟ್‌ವೇರ್‌ಗಳಿಗೂ ಇಂಥದ್ದೇ ತೊಡಕು ಇದೆ ಎಂದು ಸ್ಟಾನ್‌ಫರ್ಡ್ ಮತ್ತಿತರ ಕಡೆಯ ಸಂಶೋಧಕರು 2023ರಲ್ಲಿ ತೋರಿಸಿದರು. ಬೇಕಾದ ಸಂಗತಿ ಉದ್ದ ಬರಹದ ತಲೆಯಲ್ಲೋ ಬಾಲದಲ್ಲೋ ಇದ್ದರೆ ಅವು ಚೆನ್ನಾಗಿ ಹಿಡಿಯುತ್ತಿದ್ದವು. ನಡುವೆ ಇದ್ದಾಗ ಜಾಸ್ತಿ ತಪ್ಪುತ್ತಿದ್ದವು. ಅಂದಿನಿಂದ ಅವು ಸುಧಾರಿಸಿವೆ. ಆದರೂ ಅರವತ್ತು ಪುಟವನ್ನು ಒಂದೇ ಸಲ ತುರುಕಿ ಬಂದದ್ದನ್ನು ಹಾಗೇ ನಂಬುವುದು ಸರಿಯಲ್ಲ.

ಮೂರನೆಯ ತೊಂದರೆ ಇವೆರಡಕ್ಕಿಂತ ಕೆಟ್ಟದ್ದು. ಒಂದು ವಿಷಯದ ಮಾತು ಇನ್ನೊಂದು ವಿಷಯಕ್ಕೆ ಅಂಟಿಕೊಳ್ಳುತ್ತದೆ. ಓದುವವರಿಗೆ ಇದು ಕಾಣುವುದೇ ಇಲ್ಲ, ಏಕೆಂದರೆ ವಾಕ್ಯ ಚೆನ್ನಾಗಿಯೇ ಇರುತ್ತದೆ. ಒಂದು ಉದಾಹರಣೆ ಇಟ್ಟುಕೊಂಡರೆ ಇದು ಸರಿಯಾಗಿ ತಿಳಿಯುತ್ತದೆ.

## ಒಂದು ಸಭೆ ಕಟ್ಟಿಕೊಳ್ಳೋಣ

ತಿಳಿಯುವುದಕ್ಕಾಗಿ ಒಂದು ಅಪಾರ್ಟ್‌ಮೆಂಟ್ ಸಂಘ ಇದೆ ಎಂದುಕೊಳ್ಳಿ. ಒಟ್ಟು 84 ಮನೆ. ಸಭೆ ನಡೆದದ್ದು 3 ಗಂಟೆ 4 ನಿಮಿಷ. ಕಾರ್ಯಸೂಚಿಯಲ್ಲಿ ಏಳು ವಿಷಯ: ಹಿಂದಿನ ಸಭೆಯ ನಡಾವಳಿ ದೃಢೀಕರಿಸುವುದು, ಲೆಕ್ಕಪತ್ರ, ತಿಂಗಳ ಮೇಂಟೆನೆನ್ಸ್ ದರ, ನೀರಿನ ವ್ಯವಸ್ಥೆ, ಲಿಫ್ಟ್ ದುರಸ್ತಿ, ಆಡಿಟರ್ ನೇಮಕ, ಕೊನೆಗೆ ಎಲ್ಲ ಕಡೆ ಇರುವಂಥ "ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು."

ಮೇಂಟೆನೆನ್ಸ್ ಈಗ ಚದರ ಅಡಿಗೆ ಮೂರೂವರೆ ರೂಪಾಯಿ. ನಾಲ್ಕೂಕಾಲು ಮಾಡಬೇಕು ಎಂದು ಖಜಾಂಚಿ ಕೇಳುತ್ತಾರೆ. ಮುಕ್ಕಾಲು ಗಂಟೆ ಚರ್ಚೆ ಆಗುತ್ತದೆ. ಸಭೆ ಶುರುವಾಗಿ 1 ಗಂಟೆ 22 ನಿಮಿಷಕ್ಕೆ ಅವರು, "ಸರಿ, ಹಾಗಾದ್ರೆ ನಾಲ್ಕೂಕಾಲು ಅಂತ ಇಟ್ಕೊಳ್ಳೋಣ, ಮುಂದೆ ಹೋಗೋಣ" ಎನ್ನುತ್ತಾರೆ. ಯಾರೂ ಬೇಡ ಅನ್ನುವುದಿಲ್ಲ. ಅಧ್ಯಕ್ಷರು ನೀರಿನ ವಿಷಯ ಎತ್ತುತ್ತಾರೆ.

ಆಮೇಲೆ ಲಿಫ್ಟ್ ಬರುತ್ತದೆ. ದುರಸ್ತಿಗೆ ನಾಲ್ಕು ಲಕ್ಷ ಅರವತ್ತು ಸಾವಿರದ ಕೊಟೇಶನ್ ಬಂದಿದೆ. 2 ಗಂಟೆ 14 ನಿಮಿಷಕ್ಕೆ ಒಬ್ಬರು ಎದ್ದು ನಿಲ್ಲುತ್ತಾರೆ. "ಲಿಫ್ಟ್‌ಗೂ ದುಡ್ಡು ಕೊಟ್ಟು ನಾಲ್ಕೂಕಾಲೂ ಕೊಡೋದು ಆಗಲ್ಲ ಸಾರ್." ಹಲವರು ಹೌದು ಎನ್ನುತ್ತಾರೆ. ಅಧ್ಯಕ್ಷರು ಹೇಳುವುದು ಇಷ್ಟು: "ಲಿಫ್ಟ್ ದುಡ್ಡನ್ನ ಕಾರ್ಪಸ್ ಫಂಡ್‌ನಿಂದ ತೆಗೆಯೋಣ. ಅದನ್ನ ನಾಲ್ಕಕ್ಕೇ ನಿಲ್ಲಿಸೋಣ, ಮಾರ್ಚ್‌ವರೆಗೆ. ಕೈ ಎತ್ತಿ." ಪರ 21, ವಿರೋಧ 6, ತಟಸ್ಥ 2.

ಕಾರ್ಪಸ್ ಫಂಡ್ ಎಂದರೆ ಸಂಘ ದೊಡ್ಡ ಖರ್ಚಿಗೆ ಎಂದು ಕೂಡಿಟ್ಟ ಹಣ. ಅಲ್ಲಿ ಕೂತಿದ್ದವರಿಗೆಲ್ಲ ಗೊತ್ತು, "ಅದು" ಎಂದರೆ ಮೇಂಟೆನೆನ್ಸ್, "ನಾಲ್ಕು" ಎಂದರೆ ಚದರ ಅಡಿಗೆ ನಾಲ್ಕು ರೂಪಾಯಿ.

ಈಗ ಈ ಬರಹವನ್ನು ಗಡಿಯಾರ ನೋಡಿ ಕತ್ತರಿಸಿದರೆ ಏನಾಗುತ್ತದೆ ನೋಡಿ. ಮೂರನೇ ವಿಷಯದ ತುಂಡಿನಲ್ಲಿ ಕೊನೆಯ ಮಾತು ನಾಲ್ಕೂಕಾಲು. ಅದೇ ತೀರ್ಮಾನ ಎಂದು ನಡಾವಳಿಗೆ ಬರುತ್ತದೆ. ಐದನೇ ವಿಷಯದ ತುಂಡಿನಲ್ಲಿ ಇರುವುದು ಲಿಫ್ಟ್ ಮಾತು, ನಾಲ್ಕು ಲಕ್ಷ ಅರವತ್ತು ಸಾವಿರ, ಆಮೇಲೆ "ಅದನ್ನ ನಾಲ್ಕಕ್ಕೇ ನಿಲ್ಲಿಸೋಣ, ಮಾರ್ಚ್‌ವರೆಗೆ." ಸಭೆಗೆ ಬಾರದವರು ಇದನ್ನು ಕುಗ್ಗಿಸಿದರೆ "ಲಿಫ್ಟ್ ದುರಸ್ತಿಯನ್ನು ಮಾರ್ಚ್ ಒಳಗೆ 4 ಲಕ್ಷ ರೂ. ಮಿತಿಯಲ್ಲಿ ಮುಗಿಸಲು ತೀರ್ಮಾನಿಸಲಾಯಿತು" ಎಂದು ಬರೆಯುತ್ತಾರೆ. ಸಾಫ್ಟ್‌ವೇರ್ ಕೂಡ ಹಾಗೇ ಬರೆಯಬಹುದು. ಓದಿದರೆ ಎಲ್ಲೂ ತಪ್ಪು ಕಾಣುವುದಿಲ್ಲ. ಆದರೆ ಎರಡೂ ತೀರ್ಮಾನ ತಪ್ಪು.

ಈ ತಪ್ಪಿನ ಬೆಲೆ ಎಷ್ಟು? ಕಾಲು ರೂಪಾಯಿ ವ್ಯತ್ಯಾಸ. 1,200 ಚದರ ಅಡಿಯ ಮನೆಗೆ ತಿಂಗಳಿಗೆ 300 ರೂಪಾಯಿ, ವರ್ಷಕ್ಕೆ 3,600. ಎಲ್ಲ 84 ಮನೆಯೂ ಅದೇ ಅಳತೆ ಎಂದುಕೊಂಡರೆ ವರ್ಷಕ್ಕೆ 3,02,400 ರೂಪಾಯಿ. ಸಭೆ ಒಪ್ಪದ ಹಣ ಬಿಲ್‌ನಲ್ಲಿ ಬರುತ್ತದೆ.

## ಮದುವೆ ಲೆಕ್ಕದ ಹಾಗೆ

ಮದುವೆ ಮುಗಿದ ಮೇಲೆ ಮನೆಯಲ್ಲಿ ಲೆಕ್ಕಕ್ಕೆ ಕೂರುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಒಂದು ಕೈಚೀಲದ ತುಂಬ ಚೀಟಿ. ಮೊದಲು ಕೂಡಿಸಲು ಹೋದರೆ ಕೆಡುತ್ತದೆ. ಮೊದಲು ಚೀಟಿಗಳನ್ನು ನೆಲದ ಮೇಲೆ ಹರಡಿ ಛತ್ರದ್ದು ಒಂದು ಕಡೆ, ಅಡುಗೆಯವರದ್ದು ಒಂದು ಕಡೆ, ಹೂವಿನದ್ದು ಒಂದು ಕಡೆ ಮಾಡುತ್ತಾರೆ. ಅಡುಗೆಯವರಿಗೆ ಕೊಟ್ಟ ಮುಂಗಡವನ್ನು ಯಾರೋ ಛತ್ರದ ರಸೀದಿಯ ಹಿಂದೆ ಬರೆದಿರುತ್ತಾರೆ. ಆ ಚೀಟಿ ಸಿಕ್ಕಿದ್ದು ಛತ್ರದ ಕವರಿನಲ್ಲಿ, ಆದರೆ ಅದು ಸೇರಬೇಕಾದ್ದು ಅಡುಗೆ ಲೆಕ್ಕಕ್ಕೆ.

2 ಗಂಟೆ 14 ನಿಮಿಷದ ಮಾತೂ ಹಾಗೆಯೇ. ಅದು ಸಿಕ್ಕಿದ್ದು ಲಿಫ್ಟ್ ಹೊತ್ತಿನಲ್ಲಿ, ಅದು ಸೇರಬೇಕಾದ್ದು ಮೇಂಟೆನೆನ್ಸ್‌ಗೆ. ಹಾಗಾಗಿ ಬಿಡಿಸುವಾಗ ಪ್ರತಿ ಮಾತಿಗೂ ಒಂದೇ ಪ್ರಶ್ನೆ ಕೇಳಬೇಕು. ಇದು ಯಾವುದರ ಬಗ್ಗೆ? ಯಾವಾಗ ಆಡಿದ್ದು ಎಂಬುದು ಆಮೇಲಿನ ಮಾತು.

## ಗಡಿ ಹುಡುಕುವುದು

ಬರಹರೂಪವನ್ನು ಒಮ್ಮೆ ಪೂರ್ತಿ ಓದಿ, ಪಕ್ಕದಲ್ಲಿ ಕಾರ್ಯಸೂಚಿ ಇಟ್ಟುಕೊಂಡು. ಮೊದಲ ಓದಿನಲ್ಲಿ ಏನೂ ಕುಗ್ಗಿಸಬೇಡಿ. ವಿಷಯ ಬದಲಾದ ಕಡೆಯೆಲ್ಲ ಗೆರೆ ಎಳೆಯಿರಿ, ಅಷ್ಟೇ.

ದೊಡ್ಡ ಗಡಿಗಳನ್ನು ಅಧ್ಯಕ್ಷರೇ ಹೇಳಿಬಿಡುತ್ತಾರೆ. "ಮುಂದಿನ ವಿಷಯಕ್ಕೆ ಹೋಗೋಣ", "ಸರಿ, ಈಗ ಲಿಫ್ಟ್ ವಿಚಾರ", "ಇದನ್ನ ಇಲ್ಲಿಗೆ ಮುಗಿಸೋಣ." ಇವನ್ನು ಹುಡುಕುವುದು ಸುಲಭ. ಆದರೆ ಇವು ಪೂರ್ತಿ ನಂಬುವಂಥವಲ್ಲ. ಅಧ್ಯಕ್ಷರು "ಮುಂದಿನ ವಿಷಯ" ಎಂದ ಮೇಲೂ ಯಾರೋ ಒಬ್ಬರು ಹಿಂದಿನ ಮಾತಿಗೆ ಉತ್ತರ ಕೊಡುತ್ತಿರುತ್ತಾರೆ. ಗೆರೆ ಎಳೆಯಬೇಕಾದ್ದು ಆ ಉತ್ತರ ಮುಗಿದ ಮೇಲೆ.

ಸಣ್ಣ ಗಡಿಗಳು ಅಡಗಿರುತ್ತವೆ. "ಅದಕ್ಕೇ ನಾನು ಆಗ್ಲೇ ಹೇಳಿದ್ದು", "ಹಿಂದಿನ ವಿಷಯಕ್ಕೇ ಬರ್ತೀನಿ", "ಇದಕ್ಕೂ ಅದಕ್ಕೂ ಸಂಬಂಧ ಇದೆ ಸಾರ್" ಇಂಥ ಮಾತು ಕಂಡರೆ ನಿಲ್ಲಿ. ಅಲ್ಲಿ ಮಾತು ಹಿಂದಕ್ಕೋ ಮುಂದಕ್ಕೋ ಹಾರಿರುತ್ತದೆ. ಇನ್ನೊಂದು ಗುರುತು ಪದಗಳೇ. ಟ್ಯಾಂಕರ್, ಬೋರ್‌ವೆಲ್, ಸಂಪ್ ಎಂಬ ಮಾತು ಮೇಂಟೆನೆನ್ಸ್ ಚರ್ಚೆಯ ನಡುವೆ ಗುಂಪಾಗಿ ಬಂದರೆ ಮಾತು ನೀರಿಗೆ ಹೋಗಿದೆ ಎಂದೇ ಅರ್ಥ.

ನಮ್ಮ ಸಭೆಯಲ್ಲಿ ಹೀಗೆ ಗೆರೆ ಎಳೆದರೆ ಒಂದು ಭಾಗ ಹೀಗೆ ಕಾಣುತ್ತದೆ:

0:38–0:52, ವಿಷಯ 3, ದರ ಏರಿಕೆ, ಚರ್ಚೆ
0:52–1:05, ವಿಷಯ 4, ಟ್ಯಾಂಕರ್ ಖರ್ಚು, ಚರ್ಚೆ
1:05–1:24, ವಿಷಯ 3, ಖಜಾಂಚಿಯ 4.25ರ ಪ್ರಸ್ತಾವ
1:24–1:52, ವಿಷಯ 4, ಹೊಸ ಬೋರ್‌ವೆಲ್
1:52–2:14, ವಿಷಯ 5, ಲಿಫ್ಟ್ ಕೊಟೇಶನ್
2:14–2:19, ವಿಷಯ 3 ಮತ್ತು 5, ಮತ, ತೀರ್ಮಾನ
2:19–2:31, ವಿಷಯ 5, ಕೆಲಸ ಯಾರಿಗೆ, ಯಾವಾಗ

ನಡುವಿನ ಒಂದು ತುಂಡು ಎರಡು ವಿಷಯಕ್ಕೆ ಸೇರಿದೆ. ಇಂಥದ್ದನ್ನು ಒಂದು ಕಡೆ ಹಾಕಿ ಸುಮ್ಮನಾಗಬಾರದು. ಎರಡು ಕಡೆಗೂ ಪ್ರತಿ ಮಾಡಿ ಇಡಬೇಕು. ಬರಹ ಸ್ವಲ್ಪ ಉದ್ದವಾಗುತ್ತದೆ, ಪರವಾಗಿಲ್ಲ. ಪ್ರತಿ ತುಂಡಿಗೆ ಇದು ಬರೀ ಚರ್ಚೆಯೋ, ಪ್ರಸ್ತಾವವೋ, ತೀರ್ಮಾನವೋ, ಯಾರಿಗೋ ಒಪ್ಪಿಸಿದ ಕೆಲಸವೋ ಎಂದೂ ಬರೆದುಕೊಳ್ಳಿ. ನನ್ನ ಅನುಭವದಲ್ಲಿ ಈ ಒಂದು ಪದದ ಗುರುತು ಮುಂದೆ ಅರ್ಧ ಕೆಲಸ ಉಳಿಸುತ್ತದೆ. ನಾಲ್ಕೂಕಾಲಿನ ಪಕ್ಕ "ಪ್ರಸ್ತಾವ" ಎಂದು ಬರೆದವರು ಅದನ್ನು ತೀರ್ಮಾನ ಎಂದು ನಡಾವಳಿಗೆ ಏರಿಸುವುದಿಲ್ಲ.

## ಕತ್ತರಿಸಿದಾಗ ಕಳೆದುಹೋಗುವ "ಅದು"

ಕನ್ನಡದಲ್ಲಿ ಮಾತಾಡುವಾಗ ನಾವು ಹೆಸರು ಹೇಳುವುದು ಕಡಿಮೆ. ಅದು, ಇದು, ಅಷ್ಟು, ಹಂಗೇ ಮಾಡಿ, ಅವರಿಗೇ ಕೊಡಿ. ಎದುರಿಗೆ ಕೂತಿರುವಾಗ ಎಲ್ಲ ಅರ್ಥವಾಗುತ್ತದೆ. ಬರಹವನ್ನು ತುಂಡು ಮಾಡಿದ ಕೂಡಲೇ ಈ "ಅದು" ಅನಾಥವಾಗುತ್ತದೆ. ಬಿಡಿಸುವ ಕೆಲಸದ ದೊಡ್ಡ ಅಪಾಯ ಇದೇ. ಸರಿಯಾಗಿ ಮಾಡದಿದ್ದರೆ ಬಿಡಿಸದೆ ಇದ್ದದ್ದಕ್ಕಿಂತ ಜಾಸ್ತಿ ತಪ್ಪು ಬರುತ್ತದೆ.

ಪರಿಹಾರ ಕಷ್ಟವಲ್ಲ. ಪ್ರತಿ ತುಂಡಿನ ಹಿಂದಿನ ನಾಲ್ಕೈದು ಮಾತನ್ನೂ ಅದರ ಜೊತೆಗೇ ಇಟ್ಟುಕೊಳ್ಳಿ. ಆಮೇಲೆ ತುಂಡು ಮಾಡುವಾಗಲೇ, ಇಡೀ ಸಭೆ ನಿಮ್ಮ ತಲೆಯಲ್ಲಿ ಇರುವಾಗಲೇ, "ಅದನ್ನ" ಎಂಬುದರ ಪಕ್ಕ ಚೌಕ ಕಂಸದಲ್ಲಿ [ಮೇಂಟೆನೆನ್ಸ್ ದರವನ್ನು], "ನಾಲ್ಕಕ್ಕೇ" ಎಂಬುದರ ಪಕ್ಕ [ಚದರ ಅಡಿಗೆ 4 ರೂ.] ಎಂದು ಬರೆದುಬಿಡಿ. ಚೌಕ ಕಂಸ ಏಕೆಂದರೆ ಅದು ನೀವು ಸೇರಿಸಿದ್ದು, ಅವರು ಆಡಿದ್ದಲ್ಲ ಎಂದು ಆಮೇಲೂ ತಿಳಿಯಬೇಕು.

ಒಂದೊಂದು ವಿಷಯದ ತುಂಡುಗಳನ್ನೆಲ್ಲ ಸೇರಿಸಿ ಒಂದೊಂದು ಕಂತೆ ಮಾಡಿ. ಪ್ರತಿ ಕಂತೆಯ ಮೇಲೆ ಒಂದು ಚಿಕ್ಕ ತಲೆಬರಹವೂ ಬೇಕು. ನೋಟಿಸಿನಲ್ಲಿ ಆ ವಿಷಯವನ್ನು ಹೇಗೆ ಬರೆದಿತ್ತು, ಆಗ ಸಭೆಯಲ್ಲಿ ಎಷ್ಟು ಜನ ಇದ್ದರು, ಮಾತಾಡಿದವರ ಸರಿಯಾದ ಹೆಸರು ಮತ್ತು ಹುದ್ದೆ. ಕುಗ್ಗಿಸುವ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿದರೂ, ಸಾಫ್ಟ್‌ವೇರ್‌ಗೆ ಒಪ್ಪಿಸಿದರೂ, ಕಂತೆಗಳು ಒಂದೊಂದಾಗಿ, ಈ ತಲೆಬರಹದ ಜೊತೆಗೇ ಹೋಗಬೇಕು.

ಎಷ್ಟು ಜನ ಇದ್ದರು ಎಂಬುದನ್ನು ಪ್ರತಿ ವಿಷಯಕ್ಕೂ ಬರೆಯಬೇಕೇ ಎಂದು ಕೆಲವರು ಕೇಳುತ್ತಾರೆ. ಬೇಕು. ಮೂರು ಗಂಟೆಯ ಸಭೆಯಲ್ಲಿ ಜನ ಎದ್ದು ಹೋಗುತ್ತಾರೆ. ನಮ್ಮ ಉದಾಹರಣೆಯಲ್ಲಿ ಶುರುವಿಗೆ 46 ಜನ ಇದ್ದರು ಎಂದುಕೊಳ್ಳಿ. ಮತ ಹಾಕುವಾಗ 21, 6, 2 ಸೇರಿ 29. ಕೋರಂ ಎಂದರೆ ತೀರ್ಮಾನ ನಿಲ್ಲಬೇಕಾದರೆ ಸಭೆಯಲ್ಲಿ ಇರಲೇಬೇಕಾದಷ್ಟು ಜನ. ಆ ಸಂಘದ ಬೈಲಾದಲ್ಲಿ ಮೂರನೇ ಒಂದು ಭಾಗ ಕೋರಂ ಬೇಕು ಎಂದಿದ್ದರೆ 84ಕ್ಕೆ 28 ಜನ ಇರಬೇಕು. ಒಬ್ಬರು ಜಾಸ್ತಿ ಇದ್ದಾರೆ, ತೀರ್ಮಾನ ನಿಲ್ಲುತ್ತದೆ. ಇಬ್ಬರು ಎದ್ದು ಹೋಗಿದ್ದರೆ ಪ್ರಶ್ನೆ ಏಳುತ್ತಿತ್ತು. "ಹಾಜರಿದ್ದವರು 46" ಎಂದು ಮೇಲೆ ಒಂದು ಸಲ ಬರೆದರೆ ಇದು ಯಾರಿಗೂ ಗೊತ್ತಾಗುವುದಿಲ್ಲ.

## ಆಗಲಿ, ಆಗಲ್ಲ

ಕುಗ್ಗಿಸುವ ಮೊದಲು ಇನ್ನೊಂದು ಸಲ ರೆಕಾರ್ಡಿಂಗ್ ಕಡೆಗೆ ಹೋಗಬೇಕು. ಮೂರು ಗಂಟೆ ಪೂರ್ತಿ ಕೇಳಬೇಕಿಲ್ಲ. "ಪ್ರಸ್ತಾವ", "ತೀರ್ಮಾನ" ಮತ್ತು "ಕೆಲಸ" ಎಂದು ಗುರುತು ಹಾಕಿದ ಜಾಗಗಳನ್ನು ಸಮಯ ನೋಡಿ ಕೇಳಿದರೆ ಸಾಕು. ಬಿಡಿಸಿಕೊಂಡದ್ದರ ಲಾಭ ಇಲ್ಲಿ ಚೆನ್ನಾಗಿ ಕಾಣುತ್ತದೆ. 184 ನಿಮಿಷದ ಬದಲು ಅದರ ಒಂದು ಭಾಗ ಕೇಳಿದರೆ ಮುಗಿಯುತ್ತದೆ.

ಏನು ಕೇಳಬೇಕು? ಮೊದಲು ಅಂಕಿ. ನಾಲ್ಕೂಕಾಲು ಎಂದದ್ದು ಬರಹದಲ್ಲಿ "ನಾಲ್ಕು ಕಾಲು" ಎಂದು ಬಂದಿರಬಹುದು. ಮುಂದೆ ಅದನ್ನು ಚಿಕ್ಕದು ಮಾಡುವಾಗ ಕಾಲು ಬಿದ್ದುಹೋಗಿ ನಾಲ್ಕಷ್ಟೇ ಉಳಿಯುತ್ತದೆ. ಮೂರೂವರೆ, ಮುಕ್ಕಾಲು, ಒಂದೂಕಾಲು ಎಲ್ಲವೂ ಹೀಗೆ ಕೆಡುತ್ತವೆ. ಹದಿನೈದು ಮತ್ತು ಇಪ್ಪತ್ತೈದು ಗದ್ದಲದಲ್ಲಿ ಒಂದರ ಹಾಗೆ ಇನ್ನೊಂದು ಕೇಳಿಸುತ್ತವೆ.

ಆಮೇಲೆ ಹೌದು ಅಲ್ಲ. ಕನ್ನಡದಲ್ಲಿ "ಆಗಲಿ" ಮತ್ತು "ಆಗಲ್ಲ" ನಡುವೆ ಇರುವುದು ಒಂದು ಗುಣಿತ, ಒಂದು ಒತ್ತು. ಒಂದು ಒಪ್ಪಿಗೆ, ಇನ್ನೊಂದು ನಿರಾಕರಣೆ. ಐದಾರು ಜನ ಒಟ್ಟಿಗೆ ಮಾತಾಡುವಾಗ ಸಾಫ್ಟ್‌ವೇರ್ ಒಂದನ್ನು ಇನ್ನೊಂದು ಎಂದು ಬರೆಯಬಹುದು. "ಮಾಡೋದು ಬೇಕಾ" ಎಂಬ ಪ್ರಶ್ನೆ "ಮಾಡೋದು ಬೇಕು" ಎಂದು ಬರೆದುಬರಬಹುದು. ಇದನ್ನು ಕಿವಿಯೇ ಹಿಡಿಯಬೇಕು.

ನಮ್ಮ ಸಭೆಯ 2:14ರ ಜಾಗವನ್ನು ಕೇಳಿದಾಗ ಇನ್ನೊಂದು ಸಂಗತಿ ಸಿಗುತ್ತದೆ ಎಂದುಕೊಳ್ಳಿ. "ಕೈ ಎತ್ತಿ" ಎನ್ನುವ ಮೊದಲು ಅಧ್ಯಕ್ಷರು "ಎರಡಕ್ಕೂ ಸೇರಿಸಿ" ಎಂದಿದ್ದಾರೆ. ಗದ್ದಲದಲ್ಲಿ ಆ ಮಾತು ಬರಹಕ್ಕೆ ಬಂದೇ ಇಲ್ಲ. ಅಂದರೆ 21–6–2ರ ಮತ ದರಕ್ಕೂ ಹೌದು, ಕಾರ್ಪಸ್ ಫಂಡ್‌ನಿಂದ ಹಣ ತೆಗೆಯುವುದಕ್ಕೂ ಹೌದು. ಇದನ್ನು ಕೇಳದಿದ್ದರೆ ಒಂದು ತೀರ್ಮಾನಕ್ಕೆ ಮತವೇ ಇಲ್ಲದ ಹಾಗೆ ನಡಾವಳಿ ಬರುತ್ತಿತ್ತು.

## ಈಗ ಕುಗ್ಗಿಸಿ

ಒಂದು ಸಲಕ್ಕೆ ಒಂದೇ ಕಂತೆ ತೆಗೆದುಕೊಳ್ಳಿ. ಗಡಿಯಾರದ ಪ್ರಕಾರ ಮೂರನೇ ವಿಷಯ ನಡೆದದ್ದು 46 ನಿಮಿಷ. ಬಿಡಿಸಿದ ಮೇಲೆ ಅದರ ಕಂತೆಯಲ್ಲಿ ಇರುವುದು 38 ನಿಮಿಷ, ಏಕೆಂದರೆ ನೀರಿನ 13 ನಿಮಿಷ ಹೊರಗೆ ಹೋಯಿತು, ಲಿಫ್ಟ್ ಹೊತ್ತಿನ 5 ನಿಮಿಷ ಒಳಗೆ ಬಂತು. ಅದು ನಡಾವಳಿಯಲ್ಲಿ ಹೀಗೆ ಬರುತ್ತದೆ:

"ವಿಷಯ 3: ಮಾಸಿಕ ನಿರ್ವಹಣಾ ಶುಲ್ಕದ ಪರಿಷ್ಕರಣೆ. ಚದರ ಅಡಿಗೆ ರೂ. 3.50 ಇರುವ ದರವನ್ನು ರೂ. 4.25ಕ್ಕೆ ಏರಿಸುವ ಪ್ರಸ್ತಾವವನ್ನು ಖಜಾಂಚಿಯವರು ಮಂಡಿಸಿದರು. ಟ್ಯಾಂಕರ್ ನೀರಿನ ಖರ್ಚು ಹೆಚ್ಚಿರುವುದನ್ನು ಕಾರಣವಾಗಿ ತಿಳಿಸಿದರು (ವಿಷಯ 4 ನೋಡಿ). ಲಿಫ್ಟ್ ದುರಸ್ತಿಯ ಹೊರೆಯೂ ಇರುವುದರಿಂದ ಈ ಏರಿಕೆ ಹೆಚ್ಚಾಯಿತೆಂದು ಕೆಲವು ಸದಸ್ಯರು ಅಭಿಪ್ರಾಯಪಟ್ಟರು. ಚರ್ಚೆಯ ನಂತರ ದರವನ್ನು ಮಾರ್ಚ್‌ವರೆಗೆ ಚದರ ಅಡಿಗೆ ರೂ. 4.00ಕ್ಕೆ ನಿಗದಿಪಡಿಸಲು ತೀರ್ಮಾನಿಸಲಾಯಿತು. ಪರ 21, ವಿರೋಧ 6, ತಟಸ್ಥ 2. ಇದೇ ಮತದಿಂದ ವಿಷಯ 5ರ ತೀರ್ಮಾನವೂ ಆಯಿತು."

ಇದರ ಕೆಳಗೆ ಸೂಚಕರು ಮತ್ತು ಅನುಮೋದಕರ ಹೆಸರು. ಸೂಚಕರು ಎಂದರೆ ಠರಾವನ್ನು ಸಭೆಯ ಮುಂದಿಟ್ಟವರು, ಅನುಮೋದಕರು ಎಂದರೆ ಅದನ್ನು ಬೆಂಬಲಿಸಿದವರು. ಕಂತೆಯಲ್ಲಿ ಆ ಹೆಸರು ಇಲ್ಲದಿದ್ದರೆ ಜಾಗ ಖಾಲಿ ಬಿಡಿ. ಪಕ್ಕದಲ್ಲಿ ಕೂತಿದ್ದ ಇಬ್ಬರ ಹೆಸರು ತುಂಬುವ ರೂಢಿ ಹಲವು ಕಡೆ ಇದೆ. ಅದು ತಪ್ಪು.

ಗಮನಿಸಿ, ದರ ಯಾವ ತಿಂಗಳಿಂದ ಜಾರಿ ಎಂದು ಮೇಲಿನ ನಡಾವಳಿಯಲ್ಲಿ ಇಲ್ಲ. ಏಕೆಂದರೆ ಸಭೆಯಲ್ಲಿ ಅದನ್ನು ಯಾರೂ ಹೇಳಲೇ ಇಲ್ಲ. ಬರೆಯುವವರಿಗೆ ಇಲ್ಲಿ ಕೈ ಓಡುತ್ತದೆ. ಮುಂದಿನ ತಿಂಗಳಿಂದ ಎಂದೇ ಇರಬೇಕು, ಸೇರಿಸಿಬಿಡೋಣ ಅನ್ನಿಸುತ್ತದೆ. ಸೇರಿಸಬಾರದು. "ಮಾರ್ಚ್‌ವರೆಗೆ" ಎಂದದ್ದು ಮಾರ್ಚ್ ತಿಂಗಳೂ ಸೇರಿಯೇ ಎಂಬುದೂ ಹಾಗೆಯೇ. ಇವನ್ನು ಒಂದು ಹಾಳೆಯಲ್ಲಿ ಬರೆದು ಅಧ್ಯಕ್ಷರ ಮುಂದಿಡಿ. ಸಮಿತಿ ಬೇಕಾದರೆ ಬೇರೆ ಸುತ್ತೋಲೆ ಹೊರಡಿಸಲಿ. ಸಭೆ ಹೇಳದ್ದನ್ನು ಸಭೆಯ ಬಾಯಲ್ಲಿ ಇಡುವ ಹಕ್ಕು ನಡಾವಳಿ ಬರೆಯುವವರಿಗೆ ಇಲ್ಲ.

ತೀರ್ಮಾನವೇ ಆಗದ ವಿಷಯಕ್ಕೂ ಇದೇ ನಿಯಮ. ಅಧ್ಯಕ್ಷರು "ಮುಂದಿನ ಸಭೆಗೆ ಇಟ್ಕೊಳ್ಳೋಣ" ಎಂದಿದ್ದರೆ "ಮುಂದೂಡಲಾಯಿತು" ಎಂದು ಬರೆಯಿರಿ. ಮಾತು ಸುಮ್ನೆ ಬೇರೆ ಕಡೆ ಹೊರಳಿ ನಿಂತುಹೋಗಿದ್ದರೆ "ಚರ್ಚಿಸಲಾಯಿತು, ತೀರ್ಮಾನ ಆಗಲಿಲ್ಲ" ಎಂದು ಬರೆಯಿರಿ. ಎರಡೂ ಒಂದೇ ಅಲ್ಲ. ನಾಯಿ ಊಟದ ಇಪ್ಪತ್ತು ನಿಮಿಷ ಹೀಗೆ ಒಂದು ಸಾಲಿನಲ್ಲಿ ಮುಗಿಯುತ್ತದೆ. ಆಡಿಟರ್ ನೇಮಕದ ಐದು ನಿಮಿಷಕ್ಕೆ ಹೆಸರು, ಅವಧಿ, ಸಂಭಾವನೆ, ಸೂಚಕರು, ಅನುಮೋದಕರು ಎಲ್ಲ ಸೇರಿ ಐದಾರು ಸಾಲು ಬೇಕಾಗುತ್ತದೆ.

## ಉಳಿದದ್ದು ಏನು ಎಂದು ನೋಡಿ

ಎಲ್ಲ ಕಂತೆ ಮುಗಿದ ಮೇಲೆ ಮೊದಲಿನ ಬರಹಕ್ಕೆ ಮರಳಿ. ಯಾವ ಮಾತು ಯಾವ ಕಂತೆಗೂ ಹೋಗಿಲ್ಲ? ಕಾಫಿ ಬಂತಾ, ಮೈಕ್ ಸರಿಮಾಡಿ, ಕಾರು ಯಾರದು ತೆಗೀರಿ, ಇಂಥವು ಉಳಿದಿರುತ್ತವೆ. ಉಳಿಯಲಿ. ಆದರೆ ಉಳಿದ ರಾಶಿಯನ್ನು ಒಂದು ಸಲ ಕಣ್ಣಾಡಿಸದೆ ಎಸೆಯಬೇಡಿ. ಮದುವೆ ಲೆಕ್ಕದಲ್ಲೂ ಕೊನೆಗೆ ಚೀಲ ಕೊಡವಿ ನೋಡುತ್ತಾರೆ ಅಲ್ವಾ?

ಒಂದೇ ಅಂಕಿ ಎರಡು ವಿಷಯದಲ್ಲಿ ಬಂದಿದ್ದರೆ ಎರಡೂ ಕಡೆ ಒಂದೇ ಇದೆಯೇ ಎಂದೂ ನೋಡಿ. ಬೇರೆ ಬೇರೆ ಕಂತೆಗಳನ್ನು ಬೇರೆ ಬೇರೆಯಾಗಿ ಕುಗ್ಗಿಸಿದಾಗ ಬರುವ ತೊಂದರೆ ಇದು. ಲೆಕ್ಕಪತ್ರದ ವಿಷಯದಲ್ಲಿ ಕಾರ್ಪಸ್ ಫಂಡ್ ಇಷ್ಟು ಎಂದು ಬರೆದು, ಲಿಫ್ಟ್ ವಿಷಯದಲ್ಲಿ ಇನ್ನೊಂದು ಮೊತ್ತ ಬರೆದಿರುತ್ತದೆ. ಸಭೆಯಲ್ಲೇ ಎರಡು ಸಲ ಎರಡು ಅಂಕಿ ಹೇಳಿದ್ದರೆ ಅದನ್ನೂ ಅಧ್ಯಕ್ಷರ ಹಾಳೆಗೆ ಸೇರಿಸಿ.

ನಮ್ಮ ಸಭೆಯ ಉಳಿದ ರಾಶಿಯಲ್ಲಿ 2 ಗಂಟೆ 58 ನಿಮಿಷದ ಒಂದು ಮಾತು ಸಿಗುತ್ತದೆ. ಎಲ್ಲರೂ ಕುರ್ಚಿ ಸರಿಸಿ ಏಳುತ್ತಿದ್ದಾರೆ. ಹಿರಿಯರೊಬ್ಬರು, "ಹೋದ ಸಲದ ನಡಾವಳಿಲಿ ಪೇಂಟಿಂಗ್ ಕೆಲಸಕ್ಕೆ ನಾನು ಒಪ್ಪಿದೆ ಅಂತ ಇದೆ. ನಾನು ವಿರೋಧ ಮಾಡಿದ್ದೆ" ಎನ್ನುತ್ತಾರೆ. ಅಧ್ಯಕ್ಷರು "ಹೌದು, ತಿದ್ಕೊಳ್ಳಿ" ಎನ್ನುತ್ತಾರೆ. ಗಡಿಯಾರದ ಪ್ರಕಾರ ಇದು ಇತರ ವಿಷಯ. ಸೇರಬೇಕಾದ್ದು ಒಂದನೇ ವಿಷಯಕ್ಕೆ. ಮೊದಲ ಒಂಬತ್ತು ನಿಮಿಷದಲ್ಲೇ ಮುಗಿಯಿತು ಎಂದುಕೊಂಡಿದ್ದ ಆ ಕಂತೆಯನ್ನು ಮತ್ತೆ ತೆರೆದು, "ಹಿಂದಿನ ಸಭೆಯ ನಡಾವಳಿಯನ್ನು ದೃಢೀಕರಿಸಲಾಯಿತು" ಎಂಬ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಬೇಕು. ಆ ನಡಾವಳಿಯಲ್ಲಿ ಅವರ ಹೆಸರನ್ನು ವಿರೋಧದ ಪಟ್ಟಿಗೆ ತಿದ್ದಿಕೊಳ್ಳಲು ಅಧ್ಯಕ್ಷರು ಸೂಚಿಸಿದರು ಎಂದು.